ಫೋಟೊದಲ್ಲಿ ಬಂದ ನೋಟ್ಸ್ ನೋಡಿ ಸಲಹೆ ಕೊಡುವುದು ಹೇಗೆ? ಹೃದಯದ ಪಾಠದ ಒಂದು ಪುಟ ಇಟ್ಟುಕೊಂಡು ನೋಡೋಣ

ಹೊಳಲ್ಕೆರೆಯಿಂದ ನಮ್ಮ ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ವಿಜ್ಞಾನದ ಜೀವಕ್ರಿಯೆಗಳು ಪಾಠದಲ್ಲಿ ಹೃದಯ ಮತ್ತು ರಕ್ತ ಪರಿಚಲನೆ ಬರುತ್ತದಲ್ವಾ, ಆ ಪುಟ. ಕೆಳಗೆ ಒಂದೇ ಸಾಲು: "ಅಕ್ಕಾ, ನೋಟ್ಸ್ ಹೆಂಗಿದೆ ನೋಡಿ ಹೇಳು."

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಹತ್ತನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ, ಹಾಗಾಗಿ ಇಂಥ ಫೋಟೊಗಳು ವಾರಕ್ಕೆ ಮೂರು ನಾಲ್ಕು ಬರುತ್ತವೆ. ಮೊದಮೊದಲು "ಚೆನ್ನಾಗಿದೆ, ಇನ್ನೂ ನೀಟಾಗಿ ಬರಿ" ಅಂತ ಬರೆದು ಕಳಿಸುತ್ತಿದ್ದೆ. ಆ ಮಾತು ಕೇಳಿದ ಮಗು ಇಡೀ ಪುಟವನ್ನು ಮತ್ತೆ ಬರೆಯುತ್ತದೆ, ಇನ್ನೆರಡು ಬಣ್ಣ ಸೇರಿಸುತ್ತದೆ. ಓದುವುದಕ್ಕೆ ಮಾತ್ರ ಅದರಿಂದ ಏನೂ ಸಹಾಯ ಆಗುವುದಿಲ್ಲ. ಈಗ ನಾನು ಹೇಗೆ ನೋಡುತ್ತೇನೆ, ಏನು ಬರೆದು ಕಳಿಸುತ್ತೇನೆ ಅನ್ನುವುದನ್ನು ಇದೇ ಪುಟದ ಮೇಲೆ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಮೊದಲು ಎರಡು ಪ್ರಶ್ನೆ, ಆಮೇಲೆ ಇನ್ನೊಂದು ಫೋಟೊ

ಮೊದಲ ಪ್ರಶ್ನೆ: ಇದು ಕ್ಲಾಸಿನಲ್ಲೇ ಬರೆದಿದ್ದಾ, ಮನೆಗೆ ಬಂದು ಮತ್ತೆ ಬರೆದಿದ್ದಾ? ಫೋಟೊ ನೋಡಿ ಇದು ಗೊತ್ತಾಗುವುದಿಲ್ಲ, ಆದರೆ ಸಲಹೆ ಪೂರ್ತಿ ಇದರ ಮೇಲೆ ನಿಂತಿದೆ. ಮೇಷ್ಟ್ರು ಹೇಳುತ್ತಾ ಹೋದಂತೆ ಬರೆದ ಪುಟದಲ್ಲಿ ಕಾಟು, ಬಾಣ, ಅರ್ಧ ಸಾಲು ಎಲ್ಲ ಇರುವುದೇ ಸರಿ. ಅಂಥ ಪುಟಕ್ಕೆ "ಅಂಚಿನಲ್ಲಿ ಇದನ್ನು ಸೇರಿಸು" ಅನ್ನುವ ಸಲಹೆ ಸಾಕು. ಮನೆಯಲ್ಲಿ ಮತ್ತೆ ಬರೆದ ಪುಟವಾದರೆ ಎಷ್ಟು ಹೊತ್ತು ಹಿಡಿಯಿತು ಅಂತಲೂ ಕೇಳಿ. ಇವಳು "ಎರಡು ತಾಸು" ಅಂದಳು. ಒಂದೇ ಪುಟಕ್ಕೆ ಎರಡು ತಾಸು!

ಎರಡನೇ ಪ್ರಶ್ನೆ: ಯಾವ ಯಾವ ಪೆನ್ನು ಬಳಸಿದ್ದೀಯ? ಬಣ್ಣದ ವಿಷಯದಲ್ಲಿ ಫೋಟೊವನ್ನು ನಂಬಬಾರದು. ರಾತ್ರಿ ಹಳದಿ ಬಲ್ಬಿನ ಕೆಳಗೆ ತೆಗೆದರೆ ಹಳದಿ ಹೈಲೈಟರ್ ಕಾಣಿಸುವುದೇ ಇಲ್ಲ. ನೀಲಿ ಪೆನ್ನಿನ ಅಕ್ಷರ ಕಪ್ಪಗೆ ಬರುತ್ತದೆ. ಫ್ಲ್ಯಾಶ್ ಹಾಕಿದರೆ ಪೆನ್ಸಿಲ್ ಗೆರೆ ಮಿಂಚಿ ಅಳಿಸಿಹೋದಂತೆ ಇರುತ್ತದೆ. ಇವಳ ಮೊದಲ ಫೋಟೊದಲ್ಲಿ ನನಗೆ ನಾಲ್ಕೇ ಬಣ್ಣ ಕಂಡಿದ್ದು. ಪುಟದಲ್ಲಿ ಇದ್ದಿದ್ದು ಆರು: ನೀಲಿ ಪೆನ್ನು, ಕಪ್ಪು ಪೆನ್ನು, ಕೆಂಪು ಪೆನ್ನು, ಹಸಿರು ಸ್ಕೆಚ್ ಪೆನ್ನು, ಗುಲಾಬಿ ಹೈಲೈಟರ್, ಹಳದಿ ಹೈಲೈಟರ್.

ಆದ್ದರಿಂದ ಇನ್ನೊಂದು ಫೋಟೊ ಕೇಳಿ. ಹಗಲು ಹೊತ್ತಿನಲ್ಲಿ ಕಿಟಕಿ ಹತ್ತಿರ ನೋಟ್‌ಬುಕ್ ಇಟ್ಟು, ಫ್ಲ್ಯಾಶ್ ಆಫ್ ಮಾಡಿ, ನೇರ ಮೇಲಿನಿಂದ, ನಾಲ್ಕು ಮೂಲೆಯೂ ಕಾಣುವ ಹಾಗೆ. ಚಿತ್ರ ಇರುವ ಜಾಗದ್ದು ಹತ್ತಿರದಿಂದ ಇನ್ನೊಂದು. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಗಾತ್ರ ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಒತ್ತಕ್ಷರ ಕೂಡ ಸ್ಪಷ್ಟವಾಗಿ ಬರುತ್ತದೆ. ಕನ್ನಡದ ನೋಟ್ಸ್‌ಗೆ ಇದು ಬೇಕೇ ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಓದುವ ಮೊದಲು ದೂರದಿಂದ ನೋಡಿ

ಫೋಟೊವನ್ನು ದೊಡ್ಡದು ಮಾಡಬೇಡಿ. ಗ್ಯಾಲರಿಯಲ್ಲಿ ಸಣ್ಣ ಚೌಕವಾಗಿ ಕಾಣುತ್ತದಲ್ಲ, ಹಾಗೇ ನೋಡಿ. ಆ ಗಾತ್ರದಲ್ಲಿ ಪುಟದಲ್ಲಿ ಎಷ್ಟು ಭಾಗ ಇದೆ ಅಂತ ಎಣಿಸಲು ಆಗಬೇಕು. ಎಣಿಸಲು ಆದರೆ ಶೀರ್ಷಿಕೆಗಳು ಕೆಲಸ ಮಾಡುತ್ತಿವೆ.

ಇವಳ ಪುಟದಲ್ಲಿ ಮೇಲೆ "ಹೃದಯ" ಅಂತ ಹೂಬಳ್ಳಿ ಅಂಚಿನ ಒಳಗೆ ದೊಡ್ಡದಾಗಿ ಕಾಣಿಸಿತು. ಅದರ ಕೆಳಗೆ ಎಲ್ಲ ಒಂದೇ ಗೋಡೆ. ಹತ್ತಿರದಿಂದ ನೋಡಿದರೆ ನಾಲ್ಕು ಶೀರ್ಷಿಕೆ ಇದ್ದವು: ರಚನೆ, ಕಾರ್ಯ, ರಕ್ತನಾಳಗಳು, ಇಮ್ಮಡಿ ಪರಿಚಲನೆ. ಎಲ್ಲವೂ ಕೆಂಪಿನಲ್ಲಿ ಇದ್ದವು, ಆದರೆ ಕೆಳಗಿನ ಸಾಲುಗಳಲ್ಲಿ ಮುಖ್ಯ ಪದಗಳನ್ನೂ ಕೆಂಪಿನಲ್ಲೇ ಬರೆದಿದ್ದಳು. ಹಾಗಾಗಿ ಕಣ್ಣಿಗೆ ಶೀರ್ಷಿಕೆ ಯಾವುದು, ಪದ ಯಾವುದು ಅಂತ ವ್ಯತ್ಯಾಸ ಸಿಗಲಿಲ್ಲ.

ಇಲ್ಲಿ ಕೊಡಬೇಕಾದ ಸಲಹೆ ಬಣ್ಣದ್ದಲ್ಲ, ಜಾಗದ್ದು. ಶೀರ್ಷಿಕೆಯನ್ನು ಅಂಚಿನ ಗೆರೆಗೆ ತಾಗಿಸಿ ಬರೆಯಬೇಕು, ಅದರ ಕೆಳಗಿನ ವಿಷಯ ಒಂದು ಬೆರಳು ಒಳಗಿನಿಂದ ಶುರುವಾಗಬೇಕು. ಶೀರ್ಷಿಕೆಯ ಮೇಲೆ ಒಂದು ಗೆರೆ ಖಾಲಿ ಬಿಡಬೇಕು, ಕೆಳಗೆ ಬಿಡಬಾರದು. ತುಂಬ ಮಕ್ಕಳು ಮೇಲೂ ಕೆಳಗೂ ಒಂದೊಂದು ಗೆರೆ ಬಿಡುತ್ತಾರೆ, ಆಗ ಶೀರ್ಷಿಕೆ ಮೇಲಿನದಕ್ಕೆ ಸೇರಿದ್ದೋ ಕೆಳಗಿನದಕ್ಕೋ ಗೊತ್ತಾಗದೆ ನಡುವೆ ತೇಲುತ್ತದೆ. ಇಷ್ಟು ಮಾಡಿದರೆ ಮಾಮೂಲಿ ನೀಲಿ ಪೆನ್ನಿನಲ್ಲೇ ಭಾಗಗಳು ಬೇರೆ ಬೇರೆಯಾಗಿ ಕಾಣುತ್ತವೆ.

ಇನ್ನೊಂದು ಮಾತು, ಇದು ನಮ್ಮ ಲಿಪಿಯದ್ದೇ ತೊಂದರೆ. ಹೃತ್ಕರ್ಣ, ಹೃತ್ಕುಕ್ಷಿ ಇಂಥ ಪದಗಳಲ್ಲಿ ಒತ್ತು ಕೆಳಗೆ ಇಳಿಯುತ್ತದೆ. ಅಕ್ಷರಕ್ಕೆ ತಾಗಿಸಿ ಸ್ಕೇಲಿಟ್ಟು ಅಡಿಗೆರೆ ಎಳೆದರೆ ಗೆರೆ ಒತ್ತಿನ ಮೇಲೆಯೇ ಹಾದುಹೋಗುತ್ತದೆ. ಇವಳು ಎರಡೆರಡು ಗೆರೆ ಎಳೆದಿದ್ದಳು, ಅದೂ ಸ್ಕೆಚ್ ಪೆನ್ನಿನಲ್ಲಿ. ಹೃತ್ಕುಕ್ಷಿಯ ಒತ್ತುಗಳು ಎರಡೂ ಹಸಿರು ಪಟ್ಟಿಯ ಒಳಗೆ ಮುಚ್ಚಿಹೋಗಿದ್ದವು. ಅಡಿಗೆರೆ ಬೇಕೇ ಅನ್ನಿಸಿದರೆ ಒತ್ತಿನ ಕೆಳಗೆ ಜಾಗ ಬಿಟ್ಟು ಒಂದೇ ಸಣ್ಣ ಗೆರೆ ಎಳೆಯಲಿ. ಸ್ಕೆಚ್ ಪೆನ್ನಿನ ಇಂಕು ತೆಳು ಹಾಳೆಯಲ್ಲಿ ಹಿಂದಿನ ಪುಟಕ್ಕೂ ಇಳಿಯುತ್ತದೆ, ಅದನ್ನು ನೋಡಲು ಹಾಳೆಯ ಹಿಂಬದಿಯ ಫೋಟೊ ಒಂದನ್ನು ಕೇಳಿದರೆ ಸಾಕು.

ಹೆಜ್ಜೆ 3: ಶೀರ್ಷಿಕೆ ಏನು ಹೇಳುತ್ತದೆ ನೋಡಿ

ಈಗ ಫೋಟೊ ದೊಡ್ಡದು ಮಾಡಿ ಶೀರ್ಷಿಕೆಗಳನ್ನು ಮಾತ್ರ ಓದಿ. "ಕಾರ್ಯ" ಅಂತ ಇದೆ. ಯಾವುದರ ಕಾರ್ಯ? ಹೃದಯದ್ದಾ, ರಕ್ತದ್ದಾ, ಕವಾಟದ್ದಾ? ಬರೆದ ದಿನ ಅವಳಿಗೆ ಗೊತ್ತಿರುತ್ತದೆ. ಮೂರು ತಿಂಗಳು ಬಿಟ್ಟು ಪುಟ ತಿರುವುವಾಗ ಆ ಪದ ಏನನ್ನೂ ನೆನಪಿಸುವುದಿಲ್ಲ.

ನಾನು ಹೇಳುವುದು, ಶೀರ್ಷಿಕೆಯನ್ನು ಪ್ರಶ್ನೆ ಮಾಡು ಅಂತ. ಕೆಳಗೆ ಬರೆದಿರುವುದು ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯೇ ಶೀರ್ಷಿಕೆ. ಇವಳ "ರಚನೆ" ಅನ್ನುವ ಭಾಗದಲ್ಲಿ ನಾಲ್ಕು ಕೋಣೆಗಳ ಹೆಸರು, ಆಮೇಲೆ ಆಮ್ಲಜನಕ ಇರುವ ರಕ್ತ ಮತ್ತು ಕಡಿಮೆ ಇರುವ ರಕ್ತ ಬೆರೆಯದ ಹಾಗೆ ಗೋಡೆ ತಡೆಯುತ್ತದೆ ಅನ್ನುವ ವಿಷಯ ಇತ್ತು. ಅದನ್ನು "ನಮ್ಮ ಹೃದಯಕ್ಕೆ ನಾಲ್ಕು ಕೋಣೆ ಯಾಕೆ ಬೇಕು?" ಅಂತ ಬದಲಿಸಲು ಹೇಳಿದೆ. ಹಾಗೆ ಬದಲಿಸಿದ ಕೂಡಲೇ ಅವಳಿಗೇ ಒಂದು ಕೊರತೆ ಕಂಡಿತು: ಹಕ್ಕಿಗಳಿಗೆ, ಸಸ್ತನಿಗಳಿಗೆ ಮೈ ಬೆಚ್ಚಗೆ ಇಟ್ಟುಕೊಳ್ಳಲು ಜಾಸ್ತಿ ಶಕ್ತಿ ಬೇಕು, ಅದಕ್ಕೆ ಆಮ್ಲಜನಕ ಚೆನ್ನಾಗಿ ತಲುಪಬೇಕು ಅನ್ನುವ ಕಾರಣವನ್ನೇ ಅವಳು ಬರೆದಿರಲಿಲ್ಲ. "ರಚನೆ" ಅಂತ ಇದ್ದಾಗ ಆ ಕೊರತೆ ಕಾಣುತ್ತಿರಲಿಲ್ಲ, ಯಾಕೆಂದರೆ ರಚನೆ ಅನ್ನುವುದರ ಕೆಳಗೆ ಏನು ಬರೆದರೂ ಸರಿಯೇ.

"ರಕ್ತನಾಳಗಳು" ಅನ್ನುವುದು "ಅಪಧಮನಿಯ ಗೋಡೆ ಯಾಕೆ ದಪ್ಪ?" ಅಂತಾಯಿತು. ಹೃದಯದಿಂದ ರಕ್ತ ಹೆಚ್ಚು ಒತ್ತಡದಲ್ಲಿ ಬರುತ್ತದೆ ಅನ್ನುವ ಉತ್ತರ ಅವಳ ನೋಟ್ಸ್‌ನಲ್ಲೇ ಇತ್ತು, ಐದನೇ ಸಾಲಿನಲ್ಲಿ ಅಡಗಿ ಕೂತಿತ್ತು.

ಎಲ್ಲವನ್ನೂ ಪ್ರಶ್ನೆ ಮಾಡಲು ಹೋಗಬೇಡಿ. ಕೋಣೆಗಳ ಹೆಸರಿನ ಪಟ್ಟಿಗೆ ಪ್ರಶ್ನೆ ಬೇಡ, ಹೆಸರಿದ್ದರೆ ಸಾಕು. ಮತ್ತೆ, ಒಂದು ಶೀರ್ಷಿಕೆಯನ್ನು ನೀವೇ ಬದಲಿಸಿ ತೋರಿಸಿ, ಉಳಿದದ್ದನ್ನು ಅವರಿಗೇ ಬಿಡಿ. ನಾಲ್ಕನ್ನೂ ನಾನೇ ಬರೆದುಕೊಟ್ಟರೆ ಅವು ನನ್ನ ನೋಟ್ಸ್ ಆಗುತ್ತವೆ.

ಹೆಜ್ಜೆ 4: ಬಣ್ಣ ಏನು ಹೇಳುತ್ತಿದೆ ಅಂತ ಕೇಳಿ

ಈ ಪುಟದಲ್ಲಿ ನಾನು ಜಾಸ್ತಿ ಹೊತ್ತು ಕೂತಿದ್ದು ಇಲ್ಲಿಯೇ.

ಒಂದು ಚೀಟಿ ತೆಗೆದುಕೊಂಡು ಬಣ್ಣಗಳನ್ನು ಒಂದರ ಕೆಳಗೆ ಒಂದು ಬರೆಯಿರಿ, ಎದುರಿಗೆ ಆ ಬಣ್ಣ ಪುಟದಲ್ಲಿ ಎಲ್ಲೆಲ್ಲಿ ಬಂದಿದೆ ಅಂತ ಬರೆಯಿರಿ. ಒಂದು ಬಣ್ಣದ ಎದುರು ಎರಡು ಮೂರು ಬೇರೆ ಕೆಲಸ ಇದ್ದರೆ ಆ ಬಣ್ಣಕ್ಕೆ ಅರ್ಥ ಉಳಿದಿಲ್ಲ ಅಂತ. ಇವಳ ಕೆಂಪಿನ ಎದುರು ನಾನು ಬರೆದದ್ದು: ಶೀರ್ಷಿಕೆ, ಮುಖ್ಯ ಪದ, ಚಿತ್ರದಲ್ಲಿ ರಕ್ತನಾಳ, ಮೇಷ್ಟ್ರು "ಇಂಪಾರ್ಟೆಂಟ್" ಅಂದದ್ದಕ್ಕೆ ನಕ್ಷತ್ರ. ನಾಲ್ಕು ಕೆಲಸ!

ಆಮೇಲೆ ಚಿತ್ರ ನೋಡಿದೆ. ಅಲ್ಲಿ ನಿಜವಾದ ತಪ್ಪು ಸಿಕ್ಕಿತು. ಅವಳು ಅಪಧಮನಿಗಳಿಗೆಲ್ಲ ಕೆಂಪು, ಅಭಿಧಮನಿಗಳಿಗೆಲ್ಲ ನೀಲಿ ಹಾಕಿದ್ದಳು. ನೋಡಲು ಅಚ್ಚುಕಟ್ಟು. ಆದರೆ ಹೃದಯದ ಚಿತ್ರದಲ್ಲಿ ಕೆಂಪು ಅಂದರೆ ಆಮ್ಲಜನಕ ಇರುವ ರಕ್ತ, ನೀಲಿ ಅಂದರೆ ಆಮ್ಲಜನಕ ಕಡಿಮೆ ಇರುವ ರಕ್ತ ಅನ್ನುವುದು ರೂಢಿ. ಅಪಧಮನಿ ಅನ್ನುವ ಹೆಸರು ಬಂದಿರುವುದು ಹೃದಯದಿಂದ ಹೊರಗೆ ಒಯ್ಯುತ್ತದೆ ಅನ್ನುವ ಕಾರಣಕ್ಕೆ, ಒಳಗಿನ ರಕ್ತ ಯಾವುದು ಅನ್ನುವ ಕಾರಣಕ್ಕಲ್ಲ. ಪುಪ್ಪುಸಕ ಅಪಧಮನಿ ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುತ್ತದೆ, ಅದರಲ್ಲಿ ಇರುವುದು ಆಮ್ಲಜನಕ ಕಡಿಮೆ ಇರುವ ರಕ್ತ. ಅದು ನೀಲಿ ಆಗಬೇಕು. ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬರುವ ಪುಪ್ಪುಸಕ ಅಭಿಧಮನಿ ಕೆಂಪು ಆಗಬೇಕು. ಇವಳ ಚಿತ್ರದಲ್ಲಿ ಎರಡೂ ತಿರುಗುಮುರುಗು. ಪರೀಕ್ಷೆಯಲ್ಲಿ "ಆಮ್ಲಜನಕ ಕಡಿಮೆ ಇರುವ ರಕ್ತ ಸಾಗಿಸುವ ಅಪಧಮನಿ ಯಾವುದು" ಅಂತ ಕೇಳಿದರೆ, ಈ ಬಣ್ಣ ನೆನಪಿಟ್ಟುಕೊಂಡವಳಿಗೆ ಉತ್ತರವೇ ಸಿಗುವುದಿಲ್ಲ.

ಇಂಥ ತಪ್ಪನ್ನು ಹೇಳುವಾಗ "ಬಣ್ಣ ತಪ್ಪು" ಅಂತ ಬರೆದರೆ ಸಾಲದು. ನಾನು ಕೇಳಿದ್ದು: "ಈ ಕೆಂಪು ನಾಳದಲ್ಲಿ ಹೋಗುತ್ತಿರುವ ರಕ್ತ ಎಲ್ಲಿಂದ ಹೊರಟಿತು? ಅದಕ್ಕೆ ಆಮ್ಲಜನಕ ಸಿಕ್ಕಿ ಆಗಿತ್ತಾ?" ಎರಡು ನಿಮಿಷಕ್ಕೆ "ಅಯ್ಯೋ ಅಕ್ಕಾ, ಇಲ್ಲ" ಅಂತ ಬಂತು. ಜೊತೆಗೆ ಚಿತ್ರದ ಮೂಲೆಯಲ್ಲಿ ಒಂದು ಸಾಲು ಬರೆಸಿದೆ: ಕೆಂಪು ಎಂದರೆ ಏನು, ನೀಲಿ ಎಂದರೆ ಏನು, ಮತ್ತು ರಕ್ತ ನಿಜವಾಗಿ ನೀಲಿ ಇರುವುದಿಲ್ಲ, ಗಾಢ ಕೆಂಪು ಇರುತ್ತದೆ ಅಂತ. ಇನ್ನೊಂದನ್ನೂ ನೋಡಿಕೊಳ್ಳಿ. ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಗೈ ಕಡೆ ಬರುತ್ತದೆ. ಚಿತ್ರದ ಮೇಲೆ "ಬಲ", "ಎಡ" ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಬರೆಸಿ.

ಮುಂದಿನದು ಹೈಲೈಟರ್. ಸಾಲು ಎಣಿಸಿ. ಇವಳ ಪುಟದಲ್ಲಿ 24 ಸಾಲು, ಅದರಲ್ಲಿ 15ಕ್ಕೆ ಹಳದಿ ಅಥವಾ ಗುಲಾಬಿ ಬಳಿದಿತ್ತು. ಅರ್ಧಕ್ಕಿಂತ ಜಾಸ್ತಿ ಬಳಿದರೆ ಬಳಿಯದೆ ಉಳಿದದ್ದೇ ಎದ್ದು ಕಾಣುತ್ತದೆ! ನಾನು ಒಂದು ಪುಟಕ್ಕೆ ಮೂರೇ ಜಾಗ ಅಂತ ಹೇಳುತ್ತೇನೆ, ಅದೂ ಇಡೀ ಸಾಲಲ್ಲ. ಈ ಪುಟಕ್ಕೆ ನಾನು ಆರಿಸಿದ ಜಾಗ ಕೇಳಿದರೆ ಚಿಕ್ಕದು ಅನ್ನಿಸಬಹುದು: ಅಪಧಮನಿಯಲ್ಲಿ "ಪ", ಅಭಿಧಮನಿಯಲ್ಲಿ "ಭಿ". ಆ ಎರಡು ಪದಗಳಿಗೆ ಇರುವ ವ್ಯತ್ಯಾಸ ಅದೊಂದೇ ಅಕ್ಷರ, ಬೇಗ ಓದುವಾಗ ಮಕ್ಕಳು ಒಂದನ್ನು ಇನ್ನೊಂದು ಅಂತ ಓದಿಬಿಡುತ್ತಾರೆ. ಆ ಅಕ್ಷರಕ್ಕೆ ಮಾತ್ರ ಬಣ್ಣ ಹಾಕಿದರೆ ಕಣ್ಣು ಅಲ್ಲಿ ನಿಲ್ಲುತ್ತದೆ. ಹೃತ್ಕರ್ಣ, ಹೃತ್ಕುಕ್ಷಿಗೆ ಬಣ್ಣವೂ ಬೇಡ, ಕರ್ಣ ಅಂದರೆ ಕಿವಿ, ಮೇಲಿರುತ್ತದೆ, ಕುಕ್ಷಿ ಅಂದರೆ ಹೊಟ್ಟೆ, ಕೆಳಗಿರುತ್ತದೆ ಅಂತ ಪಕ್ಕದಲ್ಲಿ ಬರೆದರೆ ಆಯಿತು.

ಕೊನೆಗೆ ಬಣ್ಣ ತೆಗೆದು ನೋಡಿ. ಫೋನಿನ ಫೋಟೊ ಎಡಿಟ್‌ನಲ್ಲಿ ಕಪ್ಪು ಬಿಳುಪು ಫಿಲ್ಟರ್ ಇರುತ್ತದೆ, ಅದನ್ನು ಹಾಕಿ. ನಮ್ಮ ಕಡೆ ನೋಟ್ಸ್ ಅಂದರೆ ಒಬ್ಬರದು ಹತ್ತು ಜನಕ್ಕೆ ಜೆರಾಕ್ಸ್ ಆಗುತ್ತದೆ, ಜೆರಾಕ್ಸ್ ಅಂಗಡಿಯಲ್ಲಿ ಸಾಮಾನ್ಯವಾಗಿ ತೆಗೆಸುವುದು ಕಪ್ಪು ಬಿಳುಪೇ. ಇವಳ ಚಿತ್ರ ಹಾಗೆ ನೋಡಿದಾಗ ಕೆಂಪು, ನೀಲಿ ಎರಡೂ ಒಂದೇ ಬೂದು ಬಣ್ಣ ಆದವು, ಹಳದಿ ಮಾಯವಾಯಿತು. ಪರಿಹಾರ ಸುಲಭ: ಆಮ್ಲಜನಕ ಇರುವ ರಕ್ತಕ್ಕೆ ಪೂರ್ತಿ ಗೆರೆಯ ಬಾಣ, ಕಡಿಮೆ ಇರುವುದಕ್ಕೆ ತುಂಡು ಗೆರೆಯ ಬಾಣ. ಪರೀಕ್ಷೆಯಲ್ಲಿ ಹೇಗೂ ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸಿ ಭಾಗ ಗುರುತಿಸಬೇಕು. ಬಣ್ಣ ಇಲ್ಲದೆ ಅರ್ಥ ಆಗದ ಚಿತ್ರವನ್ನು ಮನೆಯಲ್ಲಿ ಎಷ್ಟು ಸಲ ಬಿಡಿಸಿದರೂ ಆ ಅಭ್ಯಾಸ ಅಲ್ಲಿ ಕೈಗೆ ಬರುವುದಿಲ್ಲ. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದ ಮಕ್ಕಳೂ ಇರುತ್ತಾರೆ, ಹುಡುಗರಲ್ಲಿ ಜಾಸ್ತಿ. ಅವರಿಗೂ ಈ ಬಾಣಗಳು ಸಾಕು.

ಹೆಜ್ಜೆ 5: ಪುಟವನ್ನು ಮುಚ್ಚಿ ಕೇಳಿ

ಪುನರಾವರ್ತನೆಗೆ ಸುಲಭವಾ ಅನ್ನುವುದನ್ನು ನೋಡಿ ಹೇಳಲು ಆಗುವುದಿಲ್ಲ, ಕೇಳಿ ನೋಡಬೇಕು. ನಾನು ಫೋನ್ ಮಾಡಿ ಎರಡು ಪರೀಕ್ಷೆ ಮಾಡಿದೆ.

ಮೊದಲನೆಯದು ಹುಡುಕುವುದು. ನೋಟ್‌ಬುಕ್ ತೆರೆದಿಟ್ಟುಕೊ ಅಂದು, "ಕವಾಟ ಏನು ಮಾಡುತ್ತದೆ, ಎಲ್ಲಿ ಬರೆದಿದ್ದೀಯ ತೋರಿಸು" ಅಂತ ಕೇಳಿ ಗಡಿಯಾರ ನೋಡಿದೆ. ಹತ್ತು ಸೆಕೆಂಡಿನಲ್ಲಿ ಸಿಗಬೇಕು. ಅವಳಿಗೆ ಸುಮಾರು ಒಂದು ನಿಮಿಷ ಹಿಡಿಯಿತು. ರಕ್ತ ಹಿಂದಕ್ಕೆ ಹರಿಯದಂತೆ ತಡೆಯುತ್ತದೆ ಅನ್ನುವ ಸಾಲು "ಕಾರ್ಯ"ದ ಕೆಳಗೆ, ಉದ್ದದ ಪ್ಯಾರಾದ ನಡುವೆ ಇತ್ತು, ಅದರ ಮೇಲೆ ಗುಲಾಬಿ ಬಣ್ಣವೂ ಇತ್ತು. ಬಣ್ಣ ಇದ್ದರೂ ಸಿಗಲಿಲ್ಲ ಅನ್ನುವುದನ್ನು ಅವಳೇ ಹೇಳಿದಳು.

ಎರಡನೆಯದು ಮುಚ್ಚಿ ಹೇಳುವುದು. ಶೀರ್ಷಿಕೆ ಮಾತ್ರ ಕಾಣುವಂತೆ ಉಳಿದದ್ದನ್ನು ಹಾಳೆಯಿಂದ ಮುಚ್ಚಿ, ಉತ್ತರ ಬಾಯಲ್ಲಿ ಹೇಳಬೇಕು. ಶೀರ್ಷಿಕೆ ಪ್ರಶ್ನೆಯಾಗಿದ್ದರೆ ಇದು ತಾನಾಗಿ ಆಗುತ್ತದೆ. ಈ ಮುಚ್ಚಿ ಹೇಳುವುದು ಸುಮ್ನೆ ನನ್ನ ಅಭಿಪ್ರಾಯ ಅಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಇದನ್ನು ಪ್ರಯೋಗ ಮಾಡಿ ನೋಡಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿ ಆದ ಮೇಲೆ ನೋಡದೆ ನೆನಪಿಸಿಕೊಂಡು ಬರೆದವರೇ ಮುಂದಿದ್ದರು. ಪುಟವನ್ನು ಮೂರನೇ ಸಲ ಚೆಂದ ಮಾಡಿ ಬರೆದ ದಿನ ಎಲ್ಲ ಬಂದಂತೆ ಅನ್ನಿಸಿ, ವಾರ ಬಿಟ್ಟು ಮರೆತುಹೋಗುವುದು ಇದಕ್ಕೇ.

ಇದಕ್ಕೆ ಪುಟದಲ್ಲಿ ಜಾಗ ಬೇಕು. ಹೊಸ ಪುಟವಾದರೆ ಎಡಗಡೆ ನಾಲ್ಕು ಬೆರಳಷ್ಟು ಅಗಲ ಖಾಲಿ ಬಿಟ್ಟು, ಪಾಠ ಮುಗಿದ ದಿನವೇ ಅಲ್ಲಿ ಸಣ್ಣ ಪ್ರಶ್ನೆ ಬರೆಯಲಿ. ಆಗಲೇ ತುಂಬಿದ ಪುಟವಾದರೆ ಹಳೆ ನೋಟ್‌ಬುಕ್ಕಿನ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ, ಆ ಸಾಲುಗಳ ನೇರಕ್ಕೆ ಪ್ರಶ್ನೆ ಬರೆದು, ಅಂಚಿಗೆ ಅಂಟಿಸಿದರೆ ಆಯಿತು. ಇಡೀ ಪುಟ ಮತ್ತೆ ಬರೆಯಿಸಬೇಡಿ. ಪ್ರಶ್ನೆಯ ಪಕ್ಕ ನೋಡದೆ ಹೇಳಿದ ದಿನದ ತಾರೀಖು ಹಾಕಲಿ. ತಾರೀಖು ಇಲ್ಲದ ಪ್ರಶ್ನೆ ಯಾವುದು ಅಂತ ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ನೋಟಕ್ಕೆ ತಿಳಿಯುತ್ತದೆ.

ಹೆಜ್ಜೆ 6: ಬರೆದು ಕಳಿಸುವುದು

ಇಷ್ಟೆಲ್ಲ ನೋಡಿದ್ದನ್ನು ಅಷ್ಟೂ ಹೇಳಬಾರದು. ಮೂರು ಮಾತ್ರ. ಮೊದಲು ವಿಷಯದ ತಪ್ಪು, ಆಮೇಲೆ ಹುಡುಕಲು ಕಷ್ಟವಾಗುವ ಜಾಗ, ಕೊನೆಗೆ ಮುಚ್ಚಿ ಕೇಳುವುದಕ್ಕೆ ಒಂದು ಬದಲಾವಣೆ. ಅಕ್ಷರ ದುಂಡಗಿಲ್ಲ, ಸಾಲು ಸೊಟ್ಟ ಅನ್ನುವುದನ್ನು ನಾನು ಎತ್ತುವುದೇ ಇಲ್ಲ, ಓದಲು ಬಂದರೆ ಮುಗಿಯಿತು. ಫೋಟೊದ ಮೇಲೆ ಕೆಂಪಿನಲ್ಲಿ ಇಂಟು ಗುರುತು ಹಾಕದೆ 1, 2, 3 ಅಂತ ಅಂಕಿ ಬರೆದು, ಕೆಳಗೆ ಅದೇ ಅಂಕಿಗೆ ಮಾತು ಬರೆಯಿರಿ. ವಾಯ್ಸ್ ಮೆಸೇಜ್ ಕಳಿಸಿದರೆ ಮಗು ಒಂದು ಸಲ ಕೇಳಿ ಬಿಡುತ್ತದೆ, ಬರೆದದ್ದಾದರೆ ಒಂದೊಂದನ್ನೇ ನೋಡಿ ಸರಿ ಮಾಡಬಹುದು.

ನಾನು ಅವಳಿಗೆ ಕಳಿಸಿದ್ದು ಇದು:

"ಪುಟ್ಟಿ, ಚಿತ್ರದಲ್ಲಿ ನಾಲ್ಕು ಕೋಣೆ ಸರಿಯಾದ ಜಾಗದಲ್ಲಿವೆ, ಬಾಣದ ದಿಕ್ಕೂ ಸರಿ ಇದೆ, ಅದನ್ನು ಮುಟ್ಟಬೇಡ. 1: ಶ್ವಾಸಕೋಶದ ಕಡೆಯ ಎರಡು ನಾಳಗಳ ಬಣ್ಣ ಅದಲು ಬದಲು ಮಾಡು, ಯಾಕೆ ಅಂತ ಪಕ್ಕದಲ್ಲಿ ಒಂದು ಸಾಲು ಬರೆ. ಇನ್ನು ಮೇಲೆ ಕೆಂಪು ಪೆನ್ನು ಚಿತ್ರಕ್ಕೆ ಮಾತ್ರ. 2: ರಚನೆ ಅನ್ನುವುದನ್ನು 'ನಾಲ್ಕು ಕೋಣೆ ಯಾಕೆ?' ಅಂತ ಮಾಡಿದೆವಲ್ಲ, ಕಾರ್ಯ ಅನ್ನುವುದನ್ನೂ ಹಾಗೇ ನೀನೇ ಬದಲಿಸು. 3: ಎಡಗಡೆ ಪಟ್ಟಿ ಅಂಟಿಸಿ ಐದು ಪ್ರಶ್ನೆ ಬರೆ. ಪುಟ ಮತ್ತೆ ಬರೆಯಬೇಡ, ಇದೇ ಪುಟದಲ್ಲಿ ಮಾಡು. ಅರ್ಧ ತಾಸಿಗಿಂತ ಜಾಸ್ತಿ ಕೂರಬೇಡ."

ಮೊದಲ ಎರಡು ಮಾತು ಸುಮ್ನೆ ಹೊಗಳಿಕೆ ಅಲ್ಲ. ಯಾವುದನ್ನು ಮುಟ್ಟಬಾರದು ಅಂತ ಹೇಳದಿದ್ದರೆ ಮಕ್ಕಳು ಸರಿ ಇದ್ದದ್ದನ್ನೂ ಅಳಿಸಿಬಿಡುತ್ತಾರೆ, ಅದು ನನ್ನ ಅನುಭವ.

ಮೂರು ದಿನ ಬಿಟ್ಟು ಅದೇ ಪುಟದ ಫೋಟೊ ಬಂತು. ಬಣ್ಣ ಸರಿಯಾಗಿತ್ತು, ನೀಲಿಯ ಮೇಲೆ ತುಂಡು ಗೆರೆ ಕೂಡ ಬಂದಿತ್ತು. "ಕಾರ್ಯ" ಹೋಗಿ "ಬಲದ ರಕ್ತ ಎಡಕ್ಕೆ ಬರಲು ಯಾವ ದಾರಿ ಹಿಡಿಯುತ್ತದೆ?" ಅಂತ ಆಗಿತ್ತು, ಅಷ್ಟು ಒಳ್ಳೆಯ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಪಟ್ಟಿಯ ಮೇಲಿನ ಐದರಲ್ಲಿ ನಾಲ್ಕಕ್ಕೆ ತಾರೀಖು ಬಿದ್ದಿತ್ತು. ಕವಾಟದ ಪ್ರಶ್ನೆಗೆ ಮಾತ್ರ ಇರಲಿಲ್ಲ, ಅದಕ್ಕೆ ಅವಳು "ಕವಾಟ ಎಂದರೇನು, ಎಲ್ಲಿವೆ, ಏನು ಮಾಡುತ್ತವೆ?" ಅಂತ ಮೂರನ್ನೂ ಒಟ್ಟಿಗೆ ಸೇರಿಸಿದ್ದಳು. ಅದನ್ನು ಮೂರಾಗಿ ಒಡೆ ಅಂತ ಬರೆದೆ. ಈ ಸಲ ಹೇಳಿದ್ದು ಅದೊಂದೇ.